ಬಂಡಲ್ ಸ್ವಿಗ್ಗಿ ಆಗಲು ಹತ್ತು ವರ್ಷ ಏಕೆ ಬೇಕಾಯಿತು?

ಸ್ವಿಗ್ಗಿಯಲ್ಲಿ ಊಟ ತರಿಸಿದವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ‘ಬಂಡಲ್ ಟೆಕ್ನಾಲಜೀಸ್’ ಎಂಬ ಹೆಸರು ಕಂಡಿರಬಹುದು. ದುಡ್ಡು ಯಾರಿಗೆ ಹೋಯಿತು ಎಂದು ಗಾಬರಿಯಾದವರೂ ಇದ್ದಾರೆ. ಅದು ಹಳೇ ವ್ಯಾಪಾರದ ಹೆಸರು.

1999-2000ರ ಸಾಫ್ಟ್‌ವೇರ್ ಅಲೆಯಲ್ಲಿ ಎಷ್ಟೋ ಕಂಪನಿಗಳು ಕೆಲಸ ಬದಲಿಸದೆ ಸುಮ್ನೆ ಹೆಸರಿಗೆ ‘ಇನ್ಫೋಟೆಕ್’ ಅಂಟಿಸಿಕೊಂಡವು. ಸ್ಟಾರ್ಟಪ್‌ಗಳ ಕಾಲದಲ್ಲಿ ಕಥೆ ತಿರುವುಮುರುವಾಯಿತು. ಕೆಲಸವೇ ಬದಲಾಯಿತು, ಹೆಸರು ಹಿಂದೆ ಉಳಿಯಿತು.

2013ರಲ್ಲಿ ಶ್ರೀಹರ್ಷ ಮಜೆಟಿ ಮತ್ತು ನಂದನ್ ರೆಡ್ಡಿ ಶುರು ಮಾಡಿದ ಬಂಡಲ್, ಆನ್‌ಲೈನ್‌ನಲ್ಲಿ ಮಾರುವ ಸಣ್ಣ ವ್ಯಾಪಾರಿಗಳಿಗೆ ಕೊರಿಯರ್ ಹೊಂದಿಸಿ ಕೊಡುತ್ತಿತ್ತು. ಅದು ನಿಂತಿತು. 2014ರ ಆಗಸ್ಟ್‌ನಲ್ಲಿ, ರಾಹುಲ್ ಜೈಮಿನಿಯೂ ಜೊತೆಯಾಗಿ, ಬೆಂಗಳೂರಿನ ಕೋರಮಂಗಲದಿಂದ ಊಟ ತಲುಪಿಸುವ ಕೆಲಸ ಆರಂಭವಾಯಿತು. ಗ್ರಾಹಕರೇ ಬೇರೆಯಾಗಿದ್ದರು. ಮೊದಲು ಪಾರ್ಸೆಲ್ ಕಳಿಸುವ ವ್ಯಾಪಾರಿ, ಈಗ ಹಸಿದು ಕಾಯುವ ಮನೆಯವರು. ಹಳೇ ಹೆಸರಿನ ಮೇಲೆ ಇವರಿಗೆ ಯಾವ ನಂಬಿಕೆಯೂ ಬೆಳೆದಿರಲಿಲ್ಲ. ಹಾಗಾಗಿ ಆ್ಯಪ್‌ಗೆ ಹೊಸ ಹೆಸರು ಇಟ್ಟಿದ್ದು ಸರಿಯಾಗಿತ್ತು. ಹಳೇ ಗ್ರಾಹಕರು ಹೊಸ ವ್ಯಾಪಾರಕ್ಕೂ ಬರುತ್ತಾರಾ ಎಂಬುದೇ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

ಕಾಗದದ ಹೆಸರು ಬೇರೆ ವಿಷಯ. ಕಂಪನಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅದನ್ನು ಬದಲಿಸಲು ಷೇರುದಾರರ ವಿಶೇಷ ನಿರ್ಣಯ ಬೇಕು. ಅಂದರೆ ಮತ ಹಾಕಿದವರಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಆಮೇಲೆ ಸರ್ಕಾರದ ಒಪ್ಪಿಗೆ, ಹೊಸ ಪ್ರಮಾಣಪತ್ರ. ಹಳೇ ಕರಾರುಗಳು ರದ್ದಾಗುವುದಿಲ್ಲ. ಆದರೆ ಬ್ಯಾಂಕ್ ಖಾತೆ, ಪ್ಯಾನ್, ಜಿಎಸ್‌ಟಿ, ಆಹಾರ ಲೈಸೆನ್ಸ್ ಎಲ್ಲದರಲ್ಲೂ ಹೆಸರು ತಿದ್ದಿಸಬೇಕು. ಬೋರ್ಡು, ಬಿಲ್ಲು, ಲೆಟರ್‌ಹೆಡ್‌ಗಳಲ್ಲಿ ಎರಡು ವರ್ಷ ಹಳೇ ಹೆಸರನ್ನೂ ಹಾಕಬೇಕು. ಕೈಯಲ್ಲಿ ದುಡ್ಡು ಕಡಿಮೆ ಇರುವ ಹೊಸ ಕಂಪನಿ ಇದನ್ನೆಲ್ಲ ಮುಂದೂಡುವುದು ಸಹಜ, ಅಲ್ವಾ? ಆದರೆ ಮುಂದೂಡಿದಷ್ಟೂ ಲೈಸೆನ್ಸುಗಳು, ಹೋಟೆಲ್ ಕರಾರುಗಳು ಹೆಚ್ಚುತ್ತವೆ, ತಿದ್ದುವ ಕೆಲಸ ಜಾಸ್ತಿಯಾಗುತ್ತದೆ. ರೀಫಂಡ್‌ಗಾಗಿ ಪರದಾಡುವ ಗ್ರಾಹಕನಿಗೆ ಸ್ಟೇಟ್‌ಮೆಂಟಿನ ಹೆಸರು ಅರ್ಥವಾಗದಿದ್ದರೆ ಆ ಭಾರ ಅವನ ಮೇಲೆ ಬೀಳುತ್ತದೆ. ಕೆಲಸ ನೆಲೆನಿಂತ ಒಂದೆರಡು ವರ್ಷದಲ್ಲೇ ಕಾಗದವನ್ನೂ ಸರಿಮಾಡಿಕೊಳ್ಳುವುದು ಒಳ್ಳೆಯದು.

ಬಂಡಲ್ ಕಾಗದದಲ್ಲೂ ಸ್ವಿಗ್ಗಿ ಆದದ್ದು 2024ರಲ್ಲಿ. ಅದೇ ನವೆಂಬರ್‌ನಲ್ಲಿ ಕಂಪನಿ ಷೇರುಪೇಟೆಗೆ ಬಂತು. ಷೇರು ಕೊಳ್ಳುವವರಿಗೆ ಆ್ಯಪ್ ಒಂದು ಹೆಸರು, ಕಂಪನಿ ಇನ್ನೊಂದು ಹೆಸರು ಎನ್ನುವ ಗೊಂದಲ ಉಳಿಯಲಿಲ್ಲ. ಲಾಭದ ದಾಖಲೆ ತೋರಿಸಿ ಷೇರುಪೇಟೆಗೆ ಬರುವ ಕಂಪನಿಗಳಿಗೆ ನಿಯಂತ್ರಣ ಸಂಸ್ಥೆ ಸೆಬಿ ಇನ್ನೊಂದು ಷರತ್ತನ್ನೂ ಇಟ್ಟಿದೆ. ಹಿಂದಿನ ಒಂದು ವರ್ಷದೊಳಗೆ ಹೆಸರು ಬದಲಿಸಿದ್ದರೆ, ಹೊಸ ಹೆಸರು ಸೂಚಿಸುವ ಕೆಲಸದಿಂದಲೇ ಕನಿಷ್ಠ ಅರ್ಧ ಆದಾಯ ಬಂದಿರಬೇಕು.

ಹೋಟೆಲ್‌ಗಳ ಮೆನು ತೋರಿಸುವ ವೆಬ್‌ಸೈಟ್ ಆಗಿದ್ದ ಫುಡೀಬೇ ಬೇರೆ ದಾರಿ ಹಿಡಿಯಿತು. ಊಟಕ್ಕಷ್ಟೇ ಅಂಟಿಕೊಂಡ ಹೆಸರನ್ನು 2010ರಲ್ಲೇ ಬಿಟ್ಟು ಜೊಮ್ಯಾಟೊ ಆಯಿತು. ದಿನಸಿ ವ್ಯಾಪಾರವೂ ದೊಡ್ಡದಾದ ಮೇಲೆ, 2025ರಲ್ಲಿ ಕಂಪನಿಯ ಹೆಸರು ಎಟರ್ನಲ್ ಎಂದಾಯಿತು. ಆ್ಯಪ್ ಮಾತ್ರ ಜೊಮ್ಯಾಟೊ ಆಗಿಯೇ ಉಳಿದಿದೆ, ಏಕೆಂದರೆ ಊಟ ತರಿಸುವ ಜನ ಹುಡುಕುವುದು ಆ ಹೆಸರನ್ನೇ.