55 ಸೆಂ.ಮೀ. ಬ್ಯಾಗು, 4.5 ಸೆಂ.ಮೀ. ಚಕ್ರ

ಆನ್‌ಲೈನ್‌ನಲ್ಲಿ ಟ್ರಾಲಿ ಬ್ಯಾಗ್ ಮಾರುವವರಿಗೆ ಲಿಸ್ಟಿಂಗ್ ಬರೆದುಕೊಡೋದು ನನ್ನ ಕೆಲಸ. ಬ್ಯಾಗನ್ನು ಕೈಯಲ್ಲಿ ಹಿಡಿದು ಅಳೆಯದೆ ಒಂದು ಅಂಕಿಯನ್ನೂ ಬರೆಯಬಾರದು ಅಂತ ನಾನು ಪಟ್ಟು ಹಿಡಿಯುತ್ತೇನೆ. ಯಾಕೆ ಅನ್ನೋದಕ್ಕೆ ಚಿಕ್ಕಪೇಟೆಯ ವ್ಯಾಪಾರಿಯೊಬ್ಬರು ತಂದ ಒಂದು ಬ್ಯಾಗಿನ ಕಥೆ ಸಾಕು.

ಅವರ ಹಳೇ ಲಿಸ್ಟಿಂಗ್‌ನಲ್ಲಿ ಹೀಗಿತ್ತು: 55 x 38 x 22 ಸೆಂ.ಮೀ., 44 ಲೀಟರ್, ನಾಲ್ಕು ಚಕ್ರ, ಟಿಎಸ್ಎ ಲಾಕ್, ಎಲ್ಲ ವಿಮಾನಕ್ಕೂ ಕ್ಯಾಬಿನ್ ಸೈಜ್. ಕೊಂಡವರೊಬ್ಬರು ದೇವನಹಳ್ಳಿ ಏರ್‌ಪೋರ್ಟಿನಿಂದಲೇ ಅವರಿಗೆ ಫೋನ್ ಮಾಡಿದ್ದರಂತೆ. "55 ಅಂತ ನೀವೇ ಬರೆದಿದ್ದೀರಿ, ಇಲ್ಲಿ ಅಳತೆ ಫ್ರೇಮಿನೊಳಗೆ ಬ್ಯಾಗ್ ಇಳೀತಾನೇ ಇಲ್ಲ" ಅಂತ. ದುಡ್ಡು ಕೊಟ್ಟು, ಕೊನೇ ಗಳಿಗೆಯಲ್ಲಿ ಗೇಟಿನ ಮುಂದೆ ಒದ್ದಾಡೋದು ಯಾರಿಗೂ ಬೇಡ.

ಮೊದಲು ಲೀಟರ್ ನೋಡೋಣ. ಮೂರೂ ಅಳತೆ ಗುಣಿಸಿ ಸಾವಿರದಿಂದ ಭಾಗಿಸಿದರೆ 46 ಲೀಟರ್ ಬರುತ್ತದೆ. ಅದು ಹೊರಗಿನ ಡಬ್ಬಿಯ ಲೆಕ್ಕ. ಒಳಗೆ ಹಿಡಿಕೆಯ ಪೈಪುಗಳಿವೆ, ಲೈನಿಂಗ್ ಇದೆ, ಮೂಲೆಗಳು ದುಂಡಗಿವೆ. ಇದಕ್ಕೆಲ್ಲ ಎರಡೇ ಲೀಟರ್ ಸಾಕಾಗಲ್ಲ. ಅಂದರೆ ಯಾರೋ ಕೂತಲ್ಲೇ ಗುಣಾಕಾರ ಮಾಡಿ ಚೂರು ಕಳೆದು ಬರೆದಿದ್ದಾರೆ. ನಾನು ಒಳಗೆ ತೆಳು ಪ್ಲಾಸ್ಟಿಕ್ ಹಾಸಿ, ಒಂದು ಲೀಟರಿನ ಜಗ್‌ನಲ್ಲಿ ಕಡ್ಲೆಪುರಿ ಅಳೆದು ಸುರಿದೆ. ಪುರಿ ಸಂದುಗೊಂದಿಗೆಲ್ಲ ಹೋಗುತ್ತದೆ, ಭಾರವಿಲ್ಲ, ಲೈನಿಂಗ್ ಕೊಳೆಯಾಗಲ್ಲ. 34 ಜಗ್‌ಗೆ ತುಂಬಿಹೋಯಿತು. ಈ ಥರದ ಗಟ್ಟಿ ಬ್ಯಾಗುಗಳಲ್ಲಿ ಹೊರಗಿನ ಲೆಕ್ಕದ ಕಾಲು ಭಾಗ ಹೀಗೆ ಹೋಗೋದನ್ನು ನಾನು ಪದೇ ಪದೇ ನೋಡಿದ್ದೇನೆ. ಲಿಸ್ಟಿಂಗ್‌ನ ಲೀಟರು ಗುಣಾಕಾರಕ್ಕೆ ತೀರಾ ಹತ್ತಿರವಿದ್ದರೆ ಅದನ್ನು ನಂಬಬೇಡಿ.

ಆಮೇಲೆ ಎತ್ತರ. ಬ್ಯಾಗನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ತಲೆಯ ಮೇಲೆ ಒಂದು ರಟ್ಟಿನ ಪುಸ್ತಕ ಮಟ್ಟಸವಾಗಿ ಇಟ್ಟು ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕಿದೆ. ನೆಲದಿಂದ ಗೆರೆಗೆ 59.5 ಸೆಂ.ಮೀ. ಬಂತು. ಲಿಸ್ಟಿಂಗ್‌ನ 55 ಬರೀ ಪೆಟ್ಟಿಗೆಯ ಎತ್ತರ. ಕೆಳಗಿನ ಚಕ್ರ 4.5 ಸೆಂ.ಮೀ. ಇತ್ತು. ಸುತ್ತ ತಿರುಗುವ ನಾಲ್ಕು ಚಕ್ರದ ಬ್ಯಾಗಿನಲ್ಲಿ ಚಕ್ರ ಪೆಟ್ಟಿಗೆಯ ಕೆಳಗೆ ನೇತಾಡುವುದರಿಂದ ಈ ತಪ್ಪು ಜಾಸ್ತಿ. ಎರಡು ಚಕ್ರದ್ದು ಮೂಲೆಯೊಳಗೆ ಅರ್ಧ ಹುದುಗಿರುತ್ತದೆ, ಹಾಗಾಗಿ ಹೊರಗೆ ಕಡಿಮೆ ಚಾಚುತ್ತದೆ. ವಿಮಾನದವರು ಚಕ್ರ, ಹಿಡಿಕೆ ಎಲ್ಲ ಸೇರಿಸಿಯೇ ಅಳೆಯುತ್ತಾರೆ.

ಚಕ್ರದ ವಿಷಯ ಬಿಟ್ಟರೂ ಈ ಬ್ಯಾಗಿಗೆ ಇನ್ನೊಂದು ತೊಂದರೆ ಇತ್ತು. ವ್ಯಾಪಾರಿ ಹೇಳಿದ್ದು, "55, 38, 22 ಕೂಡಿದ್ರೆ 115 ಸರ್, ಸರಿಯಾಗೇ ಇದೆ ಅಲ್ವಾ?" ಕೂಡಿದರೆ ಸರಿ. ಆದರೆ ಇಂಡಿಗೋದವರ ಅಳತೆ 55 x 35 x 25. ಏರ್ ಇಂಡಿಯಾದ್ದು 55 x 40 x 20. ಎರಡರ ಮೊತ್ತವೂ 115, ಆಕಾರ ಮಾತ್ರ ಬೇರೆ. 38 ಅಗಲ ಮೊದಲನೆಯದಕ್ಕೆ ಜಾಸ್ತಿ, 22 ದಪ್ಪ ಎರಡನೆಯದಕ್ಕೆ ಜಾಸ್ತಿ. ಎರಡೂ ಕಡೆ ನಿಶ್ಚಿಂತೆಯಾಗಿ ಹೋಗಬೇಕಾದರೆ ಚಕ್ರ ಸೇರಿ 55 x 35 x 20 ಒಳಗಿರಬೇಕು. ಅಂಥ ಬ್ಯಾಗಿನೊಳಗೆ ಸಿಗೋದು 28 ಲೀಟರಿನ ಆಸುಪಾಸು. 'ಎಲ್ಲ ವಿಮಾನಕ್ಕೂ' ಮತ್ತು '40 ಲೀಟರ್' ಒಂದೇ ಸಾಲಿನಲ್ಲಿ ಕಂಡರೆ ಎರಡರಲ್ಲಿ ಒಂದು ಸುಳ್ಳು. ದಪ್ಪ ಹಿಗ್ಗಿಸುವ ಜಿಪ್ ಇದ್ದರೆ ಅದನ್ನು ಮುಚ್ಚಿದ ಅಳತೆಯೋ ಬಿಚ್ಚಿದ ಅಳತೆಯೋ ಅಂತಲೂ ಕೇಳಿ.

ತೂಕವನ್ನು ಆ ಲಿಸ್ಟಿಂಗ್ ಹೇಳಿಯೇ ಇರಲಿಲ್ಲ. ತಕ್ಕಡಿಗೆ ಹಾಕಿದರೆ ಖಾಲಿ ಬ್ಯಾಗೇ 2.8 ಕೆ.ಜಿ. ಇಕಾನಮಿಯಲ್ಲಿ ಕೈ ಬ್ಯಾಗಿಗೆ ಸಾಮಾನ್ಯವಾಗಿ ಸಿಗೋದು 7 ಕೆ.ಜಿ. ಉಳಿದದ್ದು 4.2. ಲ್ಯಾಪ್‌ಟಾಪು, ಚಾರ್ಜರು, ಎರಡು ಜೊತೆ ಬಟ್ಟೆ ಇಟ್ಟರೆ ಅದರಲ್ಲಿ ಹೆಚ್ಚು ಉಳಿಯಲ್ಲ. ಲೀಟರು ತುಂಬುವ ಮೊದಲೇ ಕೆ.ಜಿ. ಮುಗಿಯುತ್ತದೆ. ಕ್ಯಾಬಿನ್ ಬ್ಯಾಗಿಗೆ ನಾನು ಲೀಟರಿಗಿಂತ ಮೇಲೆ ಖಾಲಿ ತೂಕ ಬರೆಯೋದು ಇದಕ್ಕೇ.

ಲಾಕ್ ಬಗ್ಗೆ ಒಂದೇ ಮಾತು. ಟಿಎಸ್ಎ ಲಾಕ್‌ನ ಕೀಲಿ ರಂಧ್ರ ಅಮೆರಿಕದ ಭದ್ರತಾ ತಪಾಸಣೆಯವರ ಮಾಸ್ಟರ್ ಕೀಲಿಗೆ ಇರೋದು. ನಂಬರ್ ಲಾಕ್ ಜೊತೆ ನಿಮಗೆ ಕೀಲಿ ಕೊಡಲ್ಲ. ಇದನ್ನು ಬರೆಯದಿದ್ದರೆ 'ಕೀಲಿ ಬಂದಿಲ್ಲ' ಅಂತ ಸುಮ್ನೆ ಬ್ಯಾಗ್ ವಾಪಸ್ ಬರುತ್ತದೆ.

ಹೊಸ ಲಿಸ್ಟಿಂಗ್ ಹೀಗೆ ಬರೆದೆ: ಚಕ್ರ ಸೇರಿ 59.5 x 38 x 22 ಸೆಂ.ಮೀ., ಪೆಟ್ಟಿಗೆ ಮಾತ್ರ 55, ಖಾಲಿ ತೂಕ 2.8 ಕೆ.ಜಿ., 34 ಲೀಟರ್, ಚೆಕ್-ಇನ್‌ಗೆ. 'ಕ್ಯಾಬಿನ್' ಪದ ತೆಗೆದರೆ ಮಾರಾಟ ಬೀಳುತ್ತೆ ಅಂತ ವ್ಯಾಪಾರಿ ಬಹಳ ಹೊತ್ತು ಯೋಚಿಸಿದರು. ಗೋಡೆಯ ಮೇಲಿನ ಪೆನ್ಸಿಲ್ ಗೆರೆಯನ್ನು ತಾವೇ ಇನ್ನೊಮ್ಮೆ ಅಳೆದರು. ಆಮೇಲೆ "ತೆಗೀರಿ" ಅಂದರು.