ಅಡ್ಜುವೆಂಟ್ ಅಂದರೇನು? ಲಸಿಕೆಯ ಬಾಟಲಿಯ ತಳದಲ್ಲಿರುವ ಆ ಬಿಳಿ ಗಸಿ

ಮಗುವಿಗೆ ಆರು ವಾರ ತುಂಬಿದಾಗ ಆರೋಗ್ಯ ಕೇಂದ್ರದಲ್ಲಿ ಪೆಂಟಾವೇಲೆಂಟ್ ಚುಚ್ಚುಮದ್ದು ಹಾಕುತ್ತಾರೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು, ಈ ಐದು ಕಾಯಿಲೆಗಳಿಗೆ ಅದೊಂದೇ ಲಸಿಕೆ. ಮುಂದಿನ ಸಲ ಹೋದಾಗ ಆ ಬಾಟಲಿಯನ್ನು ಸ್ವಲ್ಪ ಗಮನಿಸಿ. ಸುಮ್ನೆ ಇಟ್ಟಿದ್ದರೆ ಮೇಲೆ ತಿಳಿ ನೀರು, ತಳದಲ್ಲಿ ಬಿಳಿ ಗಸಿ. ನರ್ಸ್ ಅದನ್ನು ಚೆನ್ನಾಗಿ ಕುಲುಕುತ್ತಾರೆ. ಆಗ ಇಡೀ ಔಷಧಿ ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಗುತ್ತದೆ. ಆಮೇಲಷ್ಟೇ ಸಿರಿಂಜಿಗೆ ಅರ್ಧ ಮಿಲಿಲೀಟರ್ ಎಳೆಯುತ್ತಾರೆ.

ಆ ಬಿಳಿ ಗಸಿ ಅಲ್ಯೂಮಿನಿಯಂ ಲವಣದ ಸಣ್ಣ ಸಣ್ಣ ಕಣಗಳು. ಕಾಯಿಲೆಯ ಗುರುತನ್ನು ದೇಹಕ್ಕೆ ತೋರಿಸುವ ಭಾಗ ಈ ಕಣಗಳಿಗೆ ಅಂಟಿಕೊಂಡಿರುತ್ತದೆ. ಆ ಗುರುತಿನ ಭಾಗಕ್ಕೆ ಆಂಟಿಜೆನ್ ಎನ್ನುತ್ತಾರೆ. ಅದನ್ನು ಹೊತ್ತಿರುವ ಬಿಳಿ ಲವಣವೇ ಅಡ್ಜುವೆಂಟ್. ಅಡ್ಜುವೆಂಟ್ ತಾನೇ ಯಾವ ಕಾಯಿಲೆಯಿಂದಲೂ ಕಾಪಾಡುವುದಿಲ್ಲ. ಅದನ್ನಷ್ಟೇ ಚುಚ್ಚಿದರೆ ಗಂಟಲಮಾರಿಗೂ ರಕ್ಷಣೆ ಸಿಗದು, ಧನುರ್ವಾಯುವಿಗೂ ಸಿಗದು. ಆದರೆ ಅದಿಲ್ಲದೆ ಆಂಟಿಜೆನ್ ಮಾತ್ರ ಕೊಟ್ಟರೆ ದೇಹ ಅದನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈ ಹೆಸರು ಬಂದದ್ದು ಲ್ಯಾಟಿನ್ನಿನಿಂದ. ನೆರವಾಗು ಎಂಬ ಅರ್ಥದ ಕ್ರಿಯಾಪದ ಅದರ ಮೂಲ. ಈ ಅರ್ಥದಲ್ಲಿ ಪದವನ್ನು ಬಳಕೆಗೆ ತಂದವರು ಗ್ಯಾಸ್ಟನ್ ರಾಮೋನ್ ಎಂಬ ಫ್ರಾನ್ಸಿನ ಪಶುವೈದ್ಯರು. 1920ರ ದಶಕದಲ್ಲಿ ಗಂಟಲಮಾರಿಗೆ ಮದ್ದು ತಯಾರಾಗುತ್ತಿದ್ದದ್ದು ಕುದುರೆಗಳಲ್ಲಿ. ವಿಷದ ತೀಕ್ಷ್ಣತೆ ತೆಗೆದು ಕುದುರೆಗೆ ಚುಚ್ಚುವುದು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ರೋಗಿಗೆ ಕೊಡುವುದು. ರಾಮೋನ್ ಒಂದು ವಿಚಿತ್ರ ಕಂಡರು. ಚುಚ್ಚಿದ ಜಾಗದಲ್ಲಿ ಬಾತುಕೊಂಡು ಕೀವು ಕಟ್ಟಿದ ಕುದುರೆಗಳಲ್ಲೇ ಪ್ರತಿವಿಷ ಜಾಸ್ತಿ ಇರುತ್ತಿತ್ತು. ಹಾಗಾದರೆ ಬೇಕಂತಲೇ ಸ್ವಲ್ಪ ಊತ ಬರಿಸಿದರೆ? ಅವರು ಸಬ್ಬಕ್ಕಿ ಮಾಡುವ ಮರಗೆಣಸಿನ ಹಿಟ್ಟು, ಬ್ರೆಡ್ಡಿನ ಪುಡಿಯಂಥವನ್ನೆಲ್ಲ ಬೆರೆಸಿ ನೋಡಿದರು. ಪ್ರತಿವಿಷ ಏರಿತು. 1926ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಗ್ಲೆನಿ ಮತ್ತು ಸಂಗಡಿಗರು ಪಟಿಕ ಬೆರೆಸಿದರು. ಹೌದು, ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಅದೇ ಪಟಿಕ. ಗಿನಿಯಿಲಿಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. 1930ರ ದಶಕದಿಂದ ಅಲ್ಯೂಮಿನಿಯಂ ಲವಣಗಳು ಮನುಷ್ಯರ ಲಸಿಕೆಗಳಲ್ಲಿವೆ. ಈಗ ಬಳಸುವುದು ಹೆಚ್ಚಾಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಥವಾ ಅಲ್ಯೂಮಿನಿಯಂ ಫಾಸ್ಫೇಟ್. ಪ್ರಯೋಗಾಲಯಗಳಲ್ಲಿ ಎಲ್ಲವನ್ನೂ ಸೇರಿಸಿ ಆಲಂ ಎಂದೇ ಕರೆಯುತ್ತಾರೆ.

ಇಷ್ಟಕ್ಕೂ ಆಂಟಿಜೆನ್ ಒಂದೇ ಸಾಲದು ಏಕೆ? ನನಗೆ ಇಡೀ ವಿಷಯದ ತಿರುಳು ಇದೇ ಅನ್ನಿಸುತ್ತದೆ.

ಪೆಂಟಾವೇಲೆಂಟಿನೊಳಗಿನ ಹೆಪಟೈಟಿಸ್ ಬಿ ಭಾಗವನ್ನು ನೋಡಿ. ಅದು ವೈರಸ್ಸಲ್ಲ. ವೈರಸ್ಸಿನ ಹೊರಮೈಯ ಒಂದೇ ಒಂದು ಪ್ರೋಟೀನ್. ಯೀಸ್ಟಿನಲ್ಲಿ ಬೆಳೆಸಿ, ಶುದ್ಧ ಮಾಡಿ ತೆಗೆದದ್ದು. ಅದು ಜೀವಕೋಶಕ್ಕೆ ನುಗ್ಗುವುದಿಲ್ಲ, ಮರಿ ಹಾಕುವುದಿಲ್ಲ, ಯಾವ ಹಾನಿಯನ್ನೂ ಮಾಡುವುದಿಲ್ಲ. ರಾತ್ರಿ ಊರಿನ ಬೀದಿಯಲ್ಲಿ ಅಪರಿಚಿತನೊಬ್ಬ ಸದ್ದಿಲ್ಲದೆ ನಡೆದುಹೋದ ಹಾಗೆ. ನಾಯಿ ಬೊಗಳಲಿಲ್ಲ ಅಂದರೆ ಯಾರು ಎದ್ದು ನೋಡುತ್ತಾರೆ?

ನಮ್ಮ ದೇಹದಲ್ಲಿ ಮೊದಲು ಬೊಗಳುವ ಜೀವಕೋಶಗಳು ಬೇರೆ, ಮುಖ ನೆನಪಿಟ್ಟುಕೊಳ್ಳುವ ಜೀವಕೋಶಗಳು ಬೇರೆ. ಮೊದಲನೆಯವು ಹೊಸ ಪ್ರೋಟೀನ್ ಕಂಡರೆ ಸಾಕು ಎಂದು ಎಚ್ಚರಗೊಳ್ಳುವುದಿಲ್ಲ. ಬ್ಯಾಕ್ಟೀರಿಯಾದ ಗೋಡೆ, ವೈರಸ್ಸಿನ ಆರ್‌ಎನ್‌ಎ, ನಮ್ಮದೇ ಜೀವಕೋಶ ಒಡೆದಾಗ ಹೊರಬೀಳುವ ವಸ್ತು, ಇಂಥ ಅಪಾಯದ ಕುರುಹು ಬೇಕು. 1989ರಲ್ಲಿ ಅಮೆರಿಕದ ರೋಗನಿರೋಧ ವಿಜ್ಞಾನಿ ಚಾರ್ಲ್ಸ್ ಜೇನ್‌ವೇ ಈ ಮಾತನ್ನು ಮುಂದಿಟ್ಟರು. ಶುದ್ಧ ಪ್ರೋಟೀನಿಗೆ ಅಡ್ಜುವೆಂಟ್ ಬೆರೆಸದೆ ಪ್ರಯೋಗ ನಡೆಯುವುದಿಲ್ಲ ಎಂಬುದು ತಮ್ಮ ಕ್ಷೇತ್ರದವರೆಲ್ಲ ಬಲ್ಲ, ಆದರೆ ಯಾರೂ ಬಾಯಿಬಿಟ್ಟು ಹೇಳದ ಗುಟ್ಟು ಎಂದರು. ಅಡ್ಜುವೆಂಟ್ ಬೇಕಾಗುವುದು ಬೊಗಳಿಸಲಿಕ್ಕೇ ಎಂಬುದು ಆಮೇಲಿನ ವರ್ಷಗಳಲ್ಲಿ ಗಟ್ಟಿಯಾಯಿತು.

ಈಗ ಮಗುವಿನ ತೊಡೆಗೆ ಬರೋಣ. ಸೂಜಿ ಸ್ನಾಯುವಿಗೆ ಇಳಿಯಿತು, ಬಿಳಿ ಕಣಗಳು ಅಲ್ಲಿ ಹರಡಿಕೊಂಡವು. ಆ ಕಣಗಳು ಸುತ್ತಲಿನ ಕೆಲವು ಜೀವಕೋಶಗಳಿಗೆ ಸಣ್ಣ ಪ್ರಮಾಣದಲ್ಲಿ ಪೆಟ್ಟು ಕೊಡುತ್ತವೆ. ಒಡೆದ ಕೋಶಗಳಿಂದ ಯೂರಿಕ್ ಆಮ್ಲ, ಡಿಎನ್‌ಎ ತುಣುಕು ಹೊರಬರುತ್ತವೆ. ಇವೇ ಕುರುಹು. ಅದಕ್ಕೆ ಕಾವಲು ಕೋಶಗಳು ಓಡಿಬರುತ್ತವೆ. ಅವುಗಳಲ್ಲಿ ಡೆಂಡ್ರೈಟಿಕ್ ಕೋಶ ಎಂಬುದು ಆಂಟಿಜೆನ್ ನುಂಗಿ, ತೊಡೆಸಂದಿನಲ್ಲಿರುವ ದುಗ್ಧಗ್ರಂಥಿಗೆ ಹೊರಡುತ್ತದೆ. ಮುಖ ನೆನಪಿಟ್ಟುಕೊಳ್ಳುವ ಟಿ ಕೋಶ, ಬಿ ಕೋಶಗಳು ಇರುವುದು ಅಲ್ಲಿ. ಅದು ಟಿ ಕೋಶಗಳಿಗೆ ಆಂಟಿಜೆನ್ ತುಂಡನ್ನು ತೋರಿಸುತ್ತದೆ. ಬರೀ ತೋರಿಸಿದರೆ ಸಾಲದು. ಇದು ಅಪಾಯ ಎನ್ನುವ ಎರಡನೇ ಸಂಕೇತವನ್ನೂ ಜೊತೆಗೇ ಕೊಡಬೇಕು. ಆ ಎರಡನೇ ಸಂಕೇತ ಹುಟ್ಟುವುದು ಅಡ್ಜುವೆಂಟ್ ಎಬ್ಬಿಸಿದ ಗಲಾಟೆಯಿಂದ. ಅದಿಲ್ಲದಿದ್ದರೆ ಟಿ ಕೋಶ ತೆಪ್ಪಗಾಗುತ್ತದೆ, ಕೆಲವೊಮ್ಮೆ ಇದು ನಮ್ಮದೇ ಇರಬೇಕು ಎಂದು ಸಹಿಸಿಕೊಂಡೂ ಬಿಡುತ್ತದೆ. ಸಂಕೇತ ಸಿಕ್ಕರೆ ಟಿ ಕೋಶಗಳು ಹೆಚ್ಚುತ್ತವೆ, ಬಿ ಕೋಶಗಳಿಗೆ ನೆರವಾಗುತ್ತವೆ. ಬಿ ಕೋಶಗಳು ರೋಗಾಣುವಿಗೆ ಅಂಟಿಕೊಂಡು ತಡೆಯುವ ಆಂಟಿಬಾಡಿ ಮಾಡುತ್ತವೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ.

ಮೊದಮೊದಲು ಇದಕ್ಕೆ ಬೇರೆ ವಿವರಣೆ ಇತ್ತು. ಪಟಿಕ ಆಂಟಿಜೆನ್ನನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಹಾಗಾಗಿ ದೇಹಕ್ಕೆ ದಿನಗಟ್ಟಲೆ ಪಾಠ ಸಿಗುತ್ತದೆ ಎಂದು ಗ್ಲೆನಿ ಹೇಳಿದ್ದರು. ಕೇಳಲಿಕ್ಕೆ ಸರಿಯಾಗೇ ಇದೆ, ಅಲ್ವಾ? ಈಗಲೂ ಕೆಲವು ಕಡೆ ಹಾಗೇ ಬರೆಯುತ್ತಾರೆ. ಆದರೆ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಚುಚ್ಚಿದ ಎರಡು ಗಂಟೆಯಲ್ಲೇ ಆ ಜಾಗವನ್ನು ಕತ್ತರಿಸಿ ತೆಗೆದರೂ ಆಂಟಿಬಾಡಿ ಕಡಿಮೆಯಾಗಲಿಲ್ಲ. ಅಂದರೆ ಮುಖ್ಯ ಕೆಲಸ ಮೊದಲ ಕೆಲವು ತಾಸುಗಳಲ್ಲೇ ಆಗಿಬಿಟ್ಟಿರುತ್ತದೆ.

ಚುಚ್ಚಿದ ಜಾಗದ ಕೆಂಪು, ನೋವು ಇದೇ ಗಲಾಟೆಯ ಹೊರಗುರುತು. ಕೆಲವು ಮಕ್ಕಳಿಗೆ ಬಟಾಣಿಯಷ್ಟು ಗಂಟು ವಾರಗಟ್ಟಲೆ ಉಳಿಯುತ್ತದೆ. ಅದನ್ನು ಉಜ್ಜಬಾರದು, ತಾನಾಗಿ ಕರಗುತ್ತದೆ. ಗಂಟು ದಿನೇ ದಿನೇ ದೊಡ್ಡದಾಗಿ, ಬಿಸಿಯಾಗಿ, ಕೀವು ಕಾಣಿಸಿದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಆಲಂ ಇರುವ ಲಸಿಕೆಯನ್ನು ಸ್ನಾಯುವಿನ ಆಳಕ್ಕೇ ಹಾಕುವುದೂ ಇದಕ್ಕೇ. ಚರ್ಮದ ಕೆಳಗೆ ನಿಂತರೆ ಗಂಟು ಜಾಸ್ತಿ.

ಎಲ್ಲ ಲಸಿಕೆಗೂ ಅಡ್ಜುವೆಂಟ್ ಬೇಕಿಲ್ಲ. ಬಾಯಿಗೆ ಹಾಕುವ ಪೋಲಿಯೋ ಹನಿ, ದಡಾರ-ರುಬೆಲ್ಲಾ, ಬಿಸಿಜಿ ಇವೆಲ್ಲ ಬಲ ಕುಂದಿಸಿದ ಜೀವಂತ ರೋಗಾಣುಗಳು. ಕುರುಹು ಅವುಗಳ ಮೈಯಲ್ಲೇ ಇದೆ. ಪೆಂಟಾವೇಲೆಂಟಿನೊಳಗಿನ ನಾಯಿಕೆಮ್ಮಿನ ಭಾಗವೂ ಸ್ವಲ್ಪ ಹಾಗೇ. ಅದು ಸತ್ತ ಬ್ಯಾಕ್ಟೀರಿಯಾ, ಆದರೆ ಇಡಿಯಾಗಿದೆ. ಅದರ ಗೋಡೆಯೇ ಅಡ್ಜುವೆಂಟಿನ ಹಾಗೆ ಕೆಲಸ ಮಾಡಿ, ಜೊತೆಗಿರುವ ಆಂಟಿಜೆನ್‌ಗಳಿಗೂ ನೆರವಾಗುತ್ತದೆ. ರಾತ್ರಿ ಜ್ವರ ಬರುವುದಕ್ಕೂ ಮುಖ್ಯ ಕಾರಣ ಅದೇ. ನೋವಿಲ್ಲದ ಇಂಜೆಕ್ಷನ್ ಎಂದು ಖಾಸಗಿಯಾಗಿ ಸಿಗುವ ಲಸಿಕೆಯಲ್ಲಿ ಇಡೀ ಬ್ಯಾಕ್ಟೀರಿಯಾ ಬದಲು ಅದರ ಕೆಲವೇ ಪ್ರೋಟೀನ್‌ಗಳಿರುತ್ತವೆ. ಜ್ವರ ಕಡಿಮೆ ನಿಜ. ಆದರೆ ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿಯುತ್ತದೆ.

ಆಲಂಗೂ ಒಂದು ಮಿತಿ ಇದೆ. ಅದು ಆಂಟಿಬಾಡಿಯನ್ನು ಚೆನ್ನಾಗಿ ಹುಟ್ಟಿಸುತ್ತದೆ. ಆದರೆ ವೈರಸ್ ಹೊಕ್ಕ ಜೀವಕೋಶವನ್ನೇ ಹುಡುಕಿ ಕೊಲ್ಲಲು ನೆರವಾಗುವ ಟಿ ಕೋಶಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಕೋವ್ಯಾಕ್ಸಿನ್ ತಯಾರಿಸುವಾಗ ಈ ಪ್ರಶ್ನೆ ನೇರವಾಗಿ ಎದುರಾಯಿತು. ಅದು ಕೊಂದ ಇಡೀ ವೈರಸ್. ಆಲಂ ಒಂದನ್ನೇ ಬೆರೆಸಿದರೆ ರೋಗನಿರೋಧ ಆಂಟಿಬಾಡಿಯ ಕಡೆಗಷ್ಟೇ ವಾಲೀತು ಎಂಬ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಆರ್‌ಎಸ್‌ವಿ ಎಂಬ ಶ್ವಾಸಕೋಶದ ವೈರಸ್ಸಿಗೆ ಆಲಂ ಬೆರೆಸಿದ ಲಸಿಕೆ ಹಾಕಿಸಿಕೊಂಡ ಕೂಸುಗಳಿಗೆ, ಆಮೇಲೆ ನಿಜವಾದ ಸೋಂಕು ತಗುಲಿದಾಗ ಕಾಯಿಲೆ ಇನ್ನೂ ಜೋರಾಗಿ ಬಂದು ಇಬ್ಬರು ತೀರಿಕೊಂಡರು. ವೈರಸ್ಸನ್ನು ತಡೆಯಲಾಗದ ದುರ್ಬಲ ಆಂಟಿಬಾಡಿ ಮತ್ತು ಒಂದೇ ಕಡೆ ವಾಲಿದ ಟಿ ಕೋಶ ಎರಡೂ ಅದಕ್ಕೆ ಕಾರಣ.

ಹಾಗಾಗಿ ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಜೆಲ್ಲಿನ ಕಣಗಳ ಮೇಲೆ ಇನ್ನೊಂದು ಅಣುವನ್ನು ಅಂಟಿಸಿದರು. ಅದು ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್ 7 ಮತ್ತು 8 ಎಂಬ ಗ್ರಾಹಕಗಳನ್ನು ತಟ್ಟುತ್ತದೆ. ಕಾವಲು ಕೋಶಕ್ಕೆ ವೈರಸ್ಸೇ ಒಳಬಂದಂತೆ ಅನ್ನಿಸುತ್ತದೆ. ಒಂದು ಡೋಸಿನಲ್ಲಿ ಈ ಅಣು ಇರುವುದು 15 ಮೈಕ್ರೋಗ್ರಾಂ ಮಾತ್ರ. ಜೆಲ್ಲಿಗೆ ಅಂಟಿಸಿರುವುದರಿಂದ ಅದು ಮೈಯೆಲ್ಲ ಹರಡದೆ ಚುಚ್ಚಿದ ಜಾಗ ಮತ್ತು ಹತ್ತಿರದ ಗ್ರಂಥಿಯಲ್ಲೇ ಉಳಿಯುತ್ತದೆ. 2020ರ ಮೊದಲ ಹಂತದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಬರೀ ಜೆಲ್ ಜೊತೆ, ಎರಡು ಗುಂಪಿಗೆ ಈ ಹೊಸ ಜೋಡಿಯ ಜೊತೆ ವೈರಸ್ ಕೊಟ್ಟರು. ಇನ್ನೊಂದು ಗುಂಪಿಗೆ ವೈರಸ್ ಇಲ್ಲದ ಜೆಲ್ ಮಾತ್ರ. ವೈರಸ್ ಪಡೆದ ಗುಂಪುಗಳ ನಡುವೆ ಆಂಟಿಬಾಡಿಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಟಿ ಕೋಶಗಳನ್ನು ನೋಡಿದ್ದು ಕೆಲವೇ ಜನರಲ್ಲಿ, ಆದರೂ ಹೊಸ ಜೋಡಿ ಪಡೆದವರಲ್ಲಿ ಅವು ಎದ್ದದ್ದು ಕಂಡಿತು. ಮುಂದಿನ ಹಂತಕ್ಕೆ ಆ ಜೋಡಿಯನ್ನೇ ಆರಿಸಿಕೊಂಡರು.

ಮತ್ತೆ ಆ ಪೆಂಟಾವೇಲೆಂಟ್ ಬಾಟಲಿಗೆ ಬರುತ್ತೇನೆ, ಏಕೆಂದರೆ ಅಡ್ಜುವೆಂಟ್ ಕೆಡುವುದನ್ನು ಕಣ್ಣಾರೆ ನೋಡಬಹುದಾದ ಜಾಗ ಅದು. ಲಸಿಕೆ ಬಿಸಿಲಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಆಲಂ ಇರುವ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಮಂಜಿನ ಹರಳುಗಳು ಬೆಳೆಯುತ್ತಾ ಆಲಂ ಕಣಗಳನ್ನು ಒಂದಕ್ಕೊಂದು ಒತ್ತಿ ಮುದ್ದೆ ಮಾಡುತ್ತವೆ. ಕರಗಿದ ಮೇಲೆ ಆ ಮುದ್ದೆ ಬಿಡುವುದಿಲ್ಲ, ರಕ್ಷಣೆಯ ಶಕ್ತಿ ಇಳಿಯುತ್ತದೆ. ಅದಕ್ಕೇ ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಲಸಿಕೆ ಒಯ್ಯುವ ಕ್ಯಾರಿಯರಿಗೆ ಹಾಕುವ ಐಸ್‌ಪ್ಯಾಕ್ ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವ ತನಕ ಕಾಯಬೇಕು. ಬಾಟಲಿಯ ಮೇಲಿನ ಬಣ್ಣ ಬದಲಾಗುವ ಚೌಕ ಶಾಖವನ್ನಷ್ಟೇ ಹೇಳುತ್ತದೆ. ಹೆಪ್ಪುಗಟ್ಟಿತ್ತೇ ಎಂದು ಅದು ಹೇಳದು.

ಸಂಶಯ ಬಂದರೆ ಕುಲುಕು ಪರೀಕ್ಷೆ ಮಾಡುತ್ತಾರೆ. ಅದೇ ಬ್ಯಾಚಿನ ಇನ್ನೊಂದು ಬಾಟಲಿಗೆ ಗುರುತು ಹಾಕಿ, ಬೇಕಂತಲೇ ಪೂರ್ತಿ ಗಟ್ಟಿಯಾಗುವವರೆಗೆ ಹೆಪ್ಪುಗಟ್ಟಿಸಿ ಆಮೇಲೆ ಕರಗಿಸುತ್ತಾರೆ. ಎರಡೂ ಬಾಟಲಿಗಳನ್ನು ಒಂದೇ ಕೈಯಲ್ಲಿ ಹಿಡಿದು ಹತ್ತು ಹದಿನೈದು ಸೆಕೆಂಡು ಕುಲುಕಿ, ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅರ್ಧ ಗಂಟೆಯವರೆಗೆ ನೋಡುತ್ತಾರೆ. ಹೆಪ್ಪುಗಟ್ಟಿಸಿದ್ದರಲ್ಲಿ ಬಿಳಿ ಗಸಿ ಬೇಗ ಕೆಳಗಿಳಿದು ಮೇಲೆ ನೀರು ತಿಳಿಯಾಗುತ್ತದೆ. ಸಂಶಯದ ಬಾಟಲಿಯಲ್ಲಿ ಗಸಿ ಅದಕ್ಕಿಂತ ನಿಧಾನವಾಗಿ ಇಳಿದರೆ ಲಸಿಕೆ ಸರಿ ಇದೆ. ಅಷ್ಟೇ ಬೇಗ ಅಥವಾ ಇನ್ನೂ ಬೇಗ ಇಳಿದರೆ ಆ ಬಾಟಲಿಯನ್ನು ಯಾವ ಮಗುವಿಗೂ ಹಾಕುವಂತಿಲ್ಲ.