ಯುಗಾದಿಗೆ 100 ಹೋಳಿಗೆಯ ಆರ್ಡರ್: ಅಳತೆ, ಸಮಯ ಮತ್ತು ದರ

ಹೋಳಿಗೆಯ ಆರ್ಡರ್ ಹಿಡಿಯುವವರು ಮೊದಲು ಬೇಳೆ ಬೆಲ್ಲದ ಬೆಲೆ ವಿಚಾರಿಸುತ್ತಾರೆ. ನಿಜವಾಗಿ ಮೊದಲು ಲೆಕ್ಕ ಹಾಕಬೇಕಾದದ್ದು ಕಾವಲಿಯನ್ನು. ಒಂದು ಹೋಳಿಗೆ ತಟ್ಟಿ, ಎರಡೂ ಬದಿ ಬೇಯಿಸಿ ಇಳಿಸಲು ಸುಮಾರು 2 ನಿಮಿಷ ಬೇಕು. ಹರಿಯುವವು, ಸೀಯುವವು ಇದ್ದೇ ಇರುವುದರಿಂದ 100ರ ಆರ್ಡರಿಗೆ 105 ಮಾಡಬೇಕು, ಅಂದರೆ ಒಂದೇ ಕಾವಲಿಯಲ್ಲಿ ಮೂರೂವರೆ ಗಂಟೆ. ಎರಡನೆಯ ಕಾವಲಿ ಇಟ್ಟರೂ ತಟ್ಟುವ ಕೈ ಇನ್ನೊಂದು ಇಲ್ಲದಿದ್ದರೆ ಪ್ರಯೋಜನವಿಲ್ಲ.

ಒಂದು ಹೋಳಿಗೆಗೆ 60 ಗ್ರಾಂ ಹೂರಣ, 35 ಗ್ರಾಂ ಕಣಕ ಎಂದಿಟ್ಟುಕೊಳ್ಳೋಣ. 1 ಕಿಲೋ ಕಡಲೆಬೇಳೆಗೆ ಅಷ್ಟೇ ಬೆಲ್ಲ ಸೇರಿಸಿದರೆ ಸುಮಾರು 2.8 ಕಿಲೋ ಹೂರಣವಾಗುತ್ತದೆ. ಆದ್ದರಿಂದ ಬೇಳೆ, ಬೆಲ್ಲ ತಲಾ ಎರಡೂಕಾಲು ಕಿಲೋ ಸಾಕು. ಕಣಕಕ್ಕೆ ಮೈದಾ, ಚಿರೋಟಿ ರವೆ ಸೇರಿ 2 ಕಿಲೋ ಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಹೂರಣದಲ್ಲಿ. ಬೇಳೆ ಬೆರಳಿನಲ್ಲಿ ಒತ್ತಿದರೆ ಮುರಿಯುವಷ್ಟು ಬೇಯಬೇಕು, ಕರಗಬಾರದು. ಬೇಯುವ ಮೊದಲೇ ಬೆಲ್ಲ ಹಾಕಿದರೆ ಬೇಳೆ ಮತ್ತೆ ಮೆತ್ತಗಾಗುವುದಿಲ್ಲ. ಕಟ್ಟನ್ನು ಪೂರ್ತಿ ಬಸಿಯದಿದ್ದರೆ ಹೂರಣ ನೀರಾಗಿ, ತಟ್ಟುವಾಗ ಕಣಕವನ್ನು ಹರಿದು ಹೊರಬರುತ್ತದೆ. ನನ್ನ ಮೊದಲ ಆರ್ಡರಿನಲ್ಲಿ ಹನ್ನೊಂದು ಹೋಳಿಗೆ ಹೀಗೇ ಕಾವಲಿಗೆ ಅಂಟಿ ಹೋದವು (ಮನೆಯವರು ಮಾತ್ರ ಸಂತೋಷದಿಂದ ತಿಂದರು). ಚಿಕ್ಕ ಉಂಡೆ ಕಟ್ಟಿದಾಗ ಅದು ಅಂಗೈಗೆ ಅಂಟದೆ ನಿಂತರೆ ಹೂರಣ ಸರಿಯಾಗಿದೆ. ಅಂಟಿದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮಗುಚಬೇಕು.

ಈಗ ದರ. ಬೆಲೆಗಳು ಊರಿಂದೂರಿಗೆ ಬೇರೆಯಾದರೂ, ಉದಾಹರಣೆಗೆ ಬೇಳೆ ಬೆಲ್ಲಕ್ಕೆ 380 ರೂಪಾಯಿ, ಹಿಟ್ಟು, ಎಣ್ಣೆ, ತುಪ್ಪ, ಏಲಕ್ಕಿಗೆ 400, ಗ್ಯಾಸ್ ಮತ್ತು ಡಬ್ಬಕ್ಕೆ 140 ಹಿಡಿದರೆ 920 ಆಗುತ್ತದೆ. ಸಾಮಾನಿನ ಖರ್ಚಿನ ಎರಡರಷ್ಟು ಕೇಳಬೇಕೆಂಬ ರೂಢಿಯ ಮಾತಿನಂತೆ 1,840 ಕೇಳಿದೆವೆನ್ನಿ. ತಟ್ಟುವವರು, ಬೇಯಿಸುವವರು ಇಬ್ಬರೂ ಮೂರೂವರೆ ಗಂಟೆ ನಿಲ್ಲುತ್ತಾರೆ. ಬೇಯಿಸಿ ರುಬ್ಬಿ ಕಟ್ಟಿಕೊಡಲು ಇನ್ನೂ ಮೂರೂವರೆ. ಒಟ್ಟು ಹತ್ತೂವರೆ ಗಂಟೆಯ ದುಡಿಮೆಗೆ ಗಂಟೆಗೆ 80ರಂತೆ 840 ಹಿಡಿದರೆ ಖರ್ಚು 1,760 ಆಗಿ, ಉಳಿಯುವುದು 80 ರೂಪಾಯಿ ಮಾತ್ರ. ಒಂದಕ್ಕೆ 20ರಂತೆ 2,000 ಕೇಳಿದಾಗ 240 ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಇಳಿಯುವುದು ತಪ್ಪು, ಏಕೆಂದರೆ ಹಬ್ಬದ ಹಿಂದಿನ ಸಂಜೆ ಆ ಕಾವಲಿಗೆ ಬೇರೆ ಗಿರಾಕಿಯೂ ಇರುತ್ತಾರೆ. ಆದ್ದರಿಂದಲೇ ಅರ್ಧ ಹಣವನ್ನು ಮುಂಗಡವಾಗಿ ಪಡೆದ ಮೇಲೆ ಮಾತ್ರ ಸಮಯ ಕಾದಿರಿಸಬೇಕು.

ಮನೆಯಲ್ಲಿ ಮಾಡಿ ಮಾರುವವರಿಗೂ 2006ರ ಆಹಾರ ಸುರಕ್ಷತೆ ಕಾಯ್ದೆ ಅನ್ವಯಿಸುತ್ತದೆ. ಸಣ್ಣ ತಯಾರಕರ ನೋಂದಣಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ FoSCoS ಜಾಲತಾಣದಲ್ಲಿ ಅರ್ಜಿ ಹಾಕಬೇಕು.

ಇಳಿಸಿದ ಹೋಳಿಗೆಗಳನ್ನು ಒಂದರ ಮೇಲೊಂದು ಪೇರಿಸದೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ಬಿಸಿಯಿರುವಾಗಲೇ ಮುಚ್ಚಿದ ಡಬ್ಬದ ಮುಚ್ಚಳದಲ್ಲಿ ನೀರಹನಿ ಕಂಡರೆ, ಮರುದಿನ ಹುಳಿ ವಾಸನೆ ಬರುವ ಸಂಭವವಿರುವುದರಿಂದ ಕೂಡಲೇ ತೆರೆದು ಮತ್ತೆ ಹರಡಬೇಕು.